ಗೆಳೆಯರ ಜೊತೆ ಊಟ, ಬೀದಿ ತಿಂಡಿಯ ಆಸೆ, ನಿಮ್ಮ ಡಯೆಟ್: ಪದೇ ಪದೇ ಕೇಳುವ ಪ್ರಶ್ನೆಗಳು

ತೂಕ ಇಳಿಸಬೇಕೆಂದು ಬರುವವರಿಗೆ ಊಟದ ಲೆಕ್ಕ ಹಾಕಿಕೊಡುವುದು ನನ್ನ ಕೆಲಸ. ಮೊದಲ ಎರಡು ವಾರ ಎಲ್ಲರೂ ಚೆನ್ನಾಗಿಯೇ ಇರುತ್ತಾರೆ. ಮೂರನೇ ವಾರದ ಹೊತ್ತಿಗೆ ಯಾರೋ ಗೆಳೆಯರು ಊಟಕ್ಕೆ ಕರೆಯುತ್ತಾರೆ, ಆಗ ಫೋನ್ ಬರುತ್ತದೆ. ಆ ಫೋನಿನಲ್ಲಿ ಕೇಳುವ ಪ್ರಶ್ನೆಗಳು ಮತ್ತು ನಾನು ಕೊಡುವ ಉತ್ತರಗಳು ಇಲ್ಲಿವೆ.

ಒಂದು ರಾತ್ರಿ ಹೊರಗೆ ಉಂಡರೆ ಇಷ್ಟು ದಿನ ಮಾಡಿದ್ದೆಲ್ಲ ಹಾಳಾಗುತ್ತದಾ?

ಇಲ್ಲ. ಲೆಕ್ಕ ಹಾಕಿಯೇ ನೋಡೋಣ.

ನಿಮ್ಮ ತೂಕ ಏರದೆ ಇಳಿಯದೆ ಇರಲು ದಿನಕ್ಕೆ ಸುಮಾರು 2250 ಕ್ಯಾಲೊರಿ ಬೇಕು ಎಂದಿಟ್ಟುಕೊಳ್ಳಿ. ನಿಮ್ಮ ಯೋಜನೆ 1800ರದ್ದು. ಅಂದರೆ ದಿನಕ್ಕೆ 450 ಕಡಿಮೆ, ವಾರಕ್ಕೆ 3150 ಕಡಿಮೆ. ಒಂದು ಕಿಲೋ ಕೊಬ್ಬಿನಲ್ಲಿ ಸುಮಾರು 7700 ಕ್ಯಾಲೊರಿ ಇರುತ್ತದೆ. ಆ ಲೆಕ್ಕದಲ್ಲಿ ಎಲ್ಲ ಏಳು ದಿನ ಅಳತೆಯಲ್ಲಿ ಉಂಡರೆ ವಾರಕ್ಕೆ ಸುಮಾರು 400 ಗ್ರಾಂ ಕೊಬ್ಬು ಕರಗುತ್ತದೆ.

ಈಗ ಶನಿವಾರ ರಾತ್ರಿ 600 ಕ್ಯಾಲೊರಿ ಉಣ್ಣಬೇಕಾದವರು 1400 ಉಂಡಿರಿ. ಜಾಸ್ತಿ ಆಗಿದ್ದು 800. ವಾರದ ಉಳಿತಾಯ 3150ರಿಂದ 2350ಕ್ಕೆ ಇಳಿಯಿತು. ಕರಗುವ ಕೊಬ್ಬು 400 ಗ್ರಾಂ ಬದಲು ಸುಮಾರು 300 ಗ್ರಾಂ. ಆ ಇಡೀ ಸಂಜೆಗೆ ನೀವು ತೆತ್ತ ಬೆಲೆ 100 ಗ್ರಾಂ, ಅಷ್ಟೇ. ಯಾವ ಪೂರ್ವ ತಯಾರಿಯೂ ಇಲ್ಲದೆ ಹೋದಾಗಿನ ಲೆಕ್ಕ ಇದು.

ಇವು ಅಂದಾಜಿನ ಅಂಕಿಗಳು. ದೇಹ ಇಷ್ಟು ಚೊಕ್ಕವಾಗಿ ಕೂಡಿ ಕಳೆಯುವುದಿಲ್ಲ, ನಿಮ್ಮ ಅಗತ್ಯವೂ ಬೇರೆ ಇರಬಹುದು. ಆದರೆ ಒಂದು ಊಟದ ತೂಕ ಎಷ್ಟು ಎಂದು ತಿಳಿಯಲು ಇದು ಸಾಕು.

ಹಾಗಿದ್ದರೆ ಮರುದಿನ ಬೆಳಿಗ್ಗೆ ತಕ್ಕಡಿಯಲ್ಲಿ ಒಂದೂವರೆ ಕಿಲೋ ಜಾಸ್ತಿ ಯಾಕೆ ತೋರಿಸುತ್ತದೆ?

ಈ ಪ್ರಶ್ನೆ ಕೇಳುವಾಗ ಎಷ್ಟೋ ಜನರ ಗಂಟಲು ಕಟ್ಟಿರುತ್ತದೆ. ಹಾಗಾಗಿ ನಿಧಾನವಾಗಿ ಹೇಳುತ್ತೇನೆ.

ಒಂದೂವರೆ ಕಿಲೋ ಕೊಬ್ಬು ಸೇರಬೇಕಾದರೆ ದೇಹಕ್ಕೆ ಬೇಕಾದದ್ದರ ಮೇಲೆ ಹನ್ನೊಂದು ಸಾವಿರಕ್ಕೂ ಹೆಚ್ಚು ಕ್ಯಾಲೊರಿ ತಿಂದಿರಬೇಕು. ಒಂದು ರಾತ್ರಿಯ ಊಟದಲ್ಲಿ ಅದು ಆಗುವ ಮಾತಲ್ಲ. ತಕ್ಕಡಿ ತೋರಿಸಿದ್ದರಲ್ಲಿ ಬಹುಪಾಲು ನೀರು. ಹೊರಗಿನ ಅಡುಗೆಯಲ್ಲಿ ಸಾಮಾನ್ಯವಾಗಿ ಉಪ್ಪು ಜಾಸ್ತಿ, ಉಪ್ಪು ನೀರನ್ನು ಹಿಡಿದಿಡುತ್ತದೆ. ಇನ್ನೊಂದು ಕಾರಣ ಪಿಷ್ಟ. ಅಳತೆಯಲ್ಲಿ ಉಣ್ಣುವಾಗ ಯಕೃತ್ತು ಮತ್ತು ಮಾಂಸಖಂಡಗಳಲ್ಲಿ ಕೂಡಿಟ್ಟಿರುವ ಗ್ಲೈಕೋಜನ್ ಎಂಬ ಸಕ್ಕರೆಯ ದಾಸ್ತಾನು ಸ್ವಲ್ಪ ಖಾಲಿಯಾಗಿರುತ್ತದೆ. ಅನ್ನ, ಹಿಟ್ಟು, ಸಿಹಿ ಜಾಸ್ತಿ ತಿಂದಾಗ ಅದು ಮತ್ತೆ ತುಂಬಿಕೊಳ್ಳುತ್ತದೆ. ಒಂದು ಗ್ರಾಂ ಗ್ಲೈಕೋಜನ್ ಜೊತೆ ಸುಮಾರು ಮೂರು ಗ್ರಾಂ ನೀರು ಸೇರಿಕೊಳ್ಳುತ್ತದೆ. ತಡವಾಗಿ ಉಂಡ ಊಟ ಇನ್ನೂ ಹೊಟ್ಟೆಯಲ್ಲೇ ಇರುತ್ತದೆ, ಅದಕ್ಕೂ ತೂಕವಿದೆಯಲ್ವಾ?

ಇದು ನೀರೋ ಕೊಬ್ಬೋ ಎಂದು ಗೊತ್ತಾಗುವುದು ಹೇಗೆ? ಮಾಮೂಲಿ ಊಟಕ್ಕೆ ಮರಳಿ, ಎರಡರಿಂದ ನಾಲ್ಕು ದಿನ ಕಾಯಿರಿ. ನೀರಾದರೆ ತಾನಾಗಿ ಇಳಿಯುತ್ತದೆ. ಮುಟ್ಟಿನ ಆಸುಪಾಸಿನ ದಿನಗಳಾದರೆ ಇನ್ನೂ ಸ್ವಲ್ಪ ಸಮಯ ಬೇಕಾಗಬಹುದು. ಏಳು ದಿನಗಳ ಸರಾಸರಿ ತೂಕ ಬರೆದಿಡಿ. ಆ ಸರಾಸರಿ ಮೂರು ವಾರವಾದರೂ ಇಳಿಯದಿದ್ದರೆ ಆಗ ಲೆಕ್ಕವನ್ನು ಮತ್ತೆ ನೋಡಬೇಕು. ಹೊರಗೆ ಉಂಡ ಮರುದಿನ ತಕ್ಕಡಿ ಹತ್ತಲು ಭಯವಾಗುತ್ತದೆ ಎಂದರೆ ಹತ್ತಬೇಡಿ. ಮೂರು ದಿನ ಬಿಟ್ಟು ನೋಡಿ.

"ಹೇಗೂ ಕೆಟ್ಟಿತು, ಇನ್ನು ತಿಂದುಬಿಡೋಣ" ಅನ್ನಿಸುತ್ತದೆ. ನನಗೆ ಮನಸ್ಸಿನ ಬಲವೇ ಇಲ್ಲವಾ?

ಇದು ನಿಮ್ಮೊಬ್ಬರ ದೌರ್ಬಲ್ಯವಲ್ಲ. 1975ರಲ್ಲಿ ಪೀಟರ್ ಹರ್ಮನ್ ಮತ್ತು ಡೆಬೊರಾ ಮ್ಯಾಕ್ ಎಂಬ ಸಂಶೋಧಕರು ಒಂದು ಪ್ರಯೋಗ ಪ್ರಕಟಿಸಿದರು. ಕೆಲವರಿಗೆ ಮೊದಲು ಮಿಲ್ಕ್‌ಶೇಕ್ ಕೊಟ್ಟರು, ಕೆಲವರಿಗೆ ಕೊಡಲಿಲ್ಲ. ಆಮೇಲೆ ಎಲ್ಲರ ಮುಂದೆಯೂ ಐಸ್‌ಕ್ರೀಮ್ ಇಟ್ಟು ರುಚಿ ನೋಡಲು ಹೇಳಿದರು. ಊಟದ ಬಗ್ಗೆ ಕಟ್ಟುನಿಟ್ಟು ಇಲ್ಲದವರು ಮಿಲ್ಕ್‌ಶೇಕ್ ಕುಡಿದ ಮೇಲೆ ಐಸ್‌ಕ್ರೀಮ್ ಕಡಿಮೆ ತಿಂದರು. ಹೊಟ್ಟೆ ತುಂಬಿತ್ತು, ಸಹಜ. ಆದರೆ ಸದಾ ಬಾಯಿ ಕಟ್ಟುವವರು ಮಿಲ್ಕ್‌ಶೇಕ್ ಕುಡಿದ ಮೇಲೆ, ಕುಡಿಯದೇ ಇದ್ದವರಿಗಿಂತ ಜಾಸ್ತಿ ತಿಂದರು. ಒಮ್ಮೆ ಗೆರೆ ದಾಟಿದ ಮೇಲೆ ಗೆರೆಯೇ ಅಳಿಸಿಹೋದ ಹಾಗೆ.

ನಾನು ನೋಡಿದ ಒಬ್ಬ ಹೆಣ್ಣುಮಗಳ ವಾರ ಹೀಗಿತ್ತು. ಶನಿವಾರ ಗೆಳತಿಯರ ಜೊತೆ ಊಟ, 800 ಜಾಸ್ತಿ. ಭಾನುವಾರ ಬೆಳಿಗ್ಗೆ ತಕ್ಕಡಿ ನೋಡಿ ಬೆಚ್ಚಿದರು. ಪ್ರಾಯಶ್ಚಿತ್ತ ಎಂದು ತಿಂಡಿಯನ್ನೂ ಮಧ್ಯಾಹ್ನದ ಊಟವನ್ನೂ ಬಿಟ್ಟರು. ಸಂಜೆ ಐದರ ಹೊತ್ತಿಗೆ ಹಸಿವು ತಡೆಯದೆ ಬಿಸ್ಕತ್ತಿನ ಪೊಟ್ಟಣ ಪೂರ್ತಿ ಮುಗಿಸಿದರು. ನಂತರ ರಾತ್ರಿ ಊಟ, ಅದರ ಮೇಲೆ ಸಿಹಿ. ಸೋಮವಾರವೂ ಅದೇ, "ಮುಂದಿನ ತಿಂಗಳು ಒಂದನೇ ತಾರೀಖಿನಿಂದ ಹೊಸದಾಗಿ ಶುರು ಮಾಡುತ್ತೇನೆ" ಎಂದು. ನಾವಿಬ್ಬರೂ ಕೂತು ಬರೆದು ನೋಡಿದಾಗ ಭಾನುವಾರ, ಸೋಮವಾರ ಎರಡೂ ಸೇರಿ ಜಾಸ್ತಿ ಆಗಿದ್ದು ಸುಮಾರು 2300. ಗೆಳತಿಯರ ಊಟದ ಪಾಲು 800 ಮಾತ್ರ. ಆ ವಾರದ ಉಳಿತಾಯವನ್ನು ನುಂಗಿದ್ದು ಆಮೇಲಿನ ಎರಡು ದಿನ.

ಅದಕ್ಕೇ ನಾನು ಎಲ್ಲರಿಗೂ ಹೇಳುವುದು ಒಂದೇ ಕೆಲಸ. ಹೊರಗೆ ಉಂಡ ಮರುದಿನ ಬೆಳಗಿನ ತಿಂಡಿ ಏನು ಎಂದು ಮೊದಲೇ ಗೊತ್ತುಮಾಡಿ. ಮಾಮೂಲಿ ತಿಂಡಿ, ಮಾಮೂಲಿ ಸಮಯ, ಮಾಮೂಲಿ ಪ್ರಮಾಣ. ಹಸಿವಿಲ್ಲದಿದ್ದರೆ ಸ್ವಲ್ಪ ತಡಮಾಡಿ, ಬಿಡಬೇಡಿ.

ಶನಿವಾರ ಊಟ ಇದೆ ಎಂದು ಮೊದಲೇ ಗೊತ್ತಿದ್ದರೆ ಹೇಗೆ ತಯಾರಾಗಲಿ?

ದಿನದ ಲೆಕ್ಕ ಬಿಟ್ಟು ವಾರದ ಲೆಕ್ಕ ಹಿಡಿಯಿರಿ. ದಿನಕ್ಕೆ 1800 ಎಂದರೆ ವಾರಕ್ಕೆ 12,600. ಇದನ್ನು ಏಳು ಸಮಪಾಲು ಮಾಡಲೇಬೇಕು ಎಂದು ದೇಹ ಕೇಳುವುದಿಲ್ಲ.

ಶನಿವಾರದ ಊಟ 1200 ಆಗಬಹುದು ಎಂದು ಅಂದಾಜು ಮಾಡಿದಿರಿ. ನಿಮ್ಮ ಮಾಮೂಲಿ ರಾತ್ರಿ ಊಟ 600. ಇನ್ನೊಂದು 600 ಎಲ್ಲಿಂದ ತರುವುದು? ಬುಧ, ಗುರು, ಶುಕ್ರ ಮೂರು ದಿನ ದಿನಕ್ಕೆ 100ರಂತೆ ಬಿಡಿ. ಅದು ಅಡುಗೆಗೆ ಹಾಕುವ ಎಣ್ಣೆಯಲ್ಲಿ ಒಂದು ದೊಡ್ಡ ಚಮಚ ಕಡಿಮೆ ಮಾಡಿದಷ್ಟೇ, ಒಂದು ದೊಡ್ಡ ಚಮಚ ಎಣ್ಣೆಯಲ್ಲಿ ಸುಮಾರು 120 ಇರುತ್ತದೆ. ಶನಿವಾರ ಸಂಜೆಯ 200ರ ತಿಂಡಿಯಲ್ಲಿ 50, ಮಧ್ಯಾಹ್ನದ ಊಟದಲ್ಲಿ 100 ಕಡಿಮೆ. ಇಲ್ಲಿಗೆ 450 ಸಿಕ್ಕಿತು. ಉಳಿದ 150 ಹಾಗೇ ಬಿಡಿ, ಅದನ್ನು ಹುಡುಕಿಕೊಂಡು ಹೋಗಬೇಡಿ.

ನೋಡಿ, ಇದರಲ್ಲಿ ಯಾವ ದಿನವೂ ನೀವು ಹಸಿದಿಲ್ಲ. ದಿನಕ್ಕೆ 100–150 ಕಡಿಮೆಯಾದರೆ ಹೆಚ್ಚಿನವರಿಗೆ ಗೊತ್ತೇ ಆಗುವುದಿಲ್ಲ. 400–500 ಕಡಿಮೆ ಮಾಡಿದರೆ ಗೊತ್ತಾಗುತ್ತದೆ, ಆ ಸಿಟ್ಟು ಶನಿವಾರ ತಟ್ಟೆಯ ಮೇಲೆ ತೀರುತ್ತದೆ.

ಉಳಿಸುವುದು ಯಾವಾಗಲೂ ಊಟಕ್ಕೆ ಮೊದಲು. ಉಂಡ ಮೇಲೆ ಕಡಿತ ಮಾಡಬೇಡಿ. ಅಂಕಗಣಿತದಲ್ಲಿ ಎರಡೂ ಒಂದೇ. ಆದರೆ ಮೊದಲು ಮಾಡಿದರೆ ಕೂಡಿಟ್ಟಂತೆ, ಆಮೇಲೆ ಮಾಡಿದರೆ ದಂಡ ಕಟ್ಟಿದಂತೆ. ದಂಡ ಕಟ್ಟುವ ಅಭ್ಯಾಸ ಎಲ್ಲಿಗೆ ಹೋಗುತ್ತದೆ ಎಂದು ಮೇಲಿನ ಉದಾಹರಣೆಯಲ್ಲೇ ನೋಡಿದಿರಿ.

ಆ ದಿನ ಪೂರ್ತಿ ಉಪವಾಸ ಇದ್ದು ರಾತ್ರಿ ಆರಾಮಾಗಿ ತಿಂದರೆ ಆಗದಾ?

ಬೇಡ. ತುಂಬಾ ಹಸಿದು ಹೋದವರು ಮೇಜಿಗೆ ಮೊದಲು ಬಂದದ್ದನ್ನೇ ಹೊಟ್ಟೆ ತುಂಬಾ ತಿನ್ನುತ್ತಾರೆ. ಅವರಿಗೆ ನಿಜವಾಗಿ ಬೇಕಿದ್ದ ತಿನಿಸು ಬರುವ ಹೊತ್ತಿಗೆ ಜಾಗವಿರುವುದಿಲ್ಲ, ಆದರೂ ತಿನ್ನುತ್ತಾರೆ. ಹೊಟ್ಟೆ ತುಂಬಿದ ಸುದ್ದಿ ಮಿದುಳಿಗೆ ಮುಟ್ಟಲು ಹದಿನೈದು ಇಪ್ಪತ್ತು ನಿಮಿಷ ಬೇಕು. ಹಸಿದವರು ಆ ಇಪ್ಪತ್ತು ನಿಮಿಷದಲ್ಲೇ ಊಟ ಮುಗಿಸಿರುತ್ತಾರೆ.

ಮಧ್ಯಾಹ್ನ ಪ್ರೋಟೀನ್ ಇರುವ ಊಟ ಮಾಡಿ. ಹೊರಡುವ ಒಂದು ಗಂಟೆ ಮೊದಲು 150 ಕ್ಯಾಲೊರಿಯ ಸಣ್ಣ ತಿಂಡಿ ತಿನ್ನಿ. ಒಂದು ಹಣ್ಣು, ಒಂದು ಬೇಯಿಸಿದ ಮೊಟ್ಟೆ ಅಥವಾ ಒಂದು ಹಿಡಿ ಕಾಳು ಸಾಕು.

ಮೇಜಿನ ಮುಂದೆ ಕೂತ ಮೇಲೆ ಅಳತೆ ಹೇಗೆ ಮಾಡುವುದು? ಎಲ್ಲರೂ ಹಂಚಿಕೊಂಡು ತಿನ್ನುತ್ತೇವೆ.

ಫೋನ್ ತೆಗೆದು ಆ್ಯಪಿನಲ್ಲಿ ಪ್ರತಿ ತುತ್ತೂ ಬರೆಯುತ್ತಾ ಕೂರಬೇಡಿ. ಹೋಟೆಲಿನ ಅಡುಗೆಯಲ್ಲಿ ಎಷ್ಟು ಎಣ್ಣೆ ಇದೆ ಎಂದು ಹೊರಗಿನಿಂದ ಹೇಳಲು ಆಗುವುದಿಲ್ಲ, ಎರಡು ಚಮಚ ಆಚೀಚೆ ಆದರೆ 240 ಕ್ಯಾಲೊರಿ ವ್ಯತ್ಯಾಸ. ಅಷ್ಟು ಸಡಿಲವಾದ ಅಂಕಿಗಾಗಿ ಎದುರಿಗಿರುವ ಗೆಳೆಯನ ಮಾತು ತಪ್ಪಿಸಿಕೊಳ್ಳಬೇಕಾ?

ಜಾನ್ ಡಿ ಕ್ಯಾಸ್ಟ್ರೊ ಎಂಬ ಸಂಶೋಧಕರು ಜನರ ಊಟದ ದಿನಚರಿಗಳನ್ನು ವರ್ಷಗಟ್ಟಲೆ ನೋಡಿದರು. ಒಬ್ಬರೇ ಇದ್ದಾಗಿಗಿಂತ ಗುಂಪಿನಲ್ಲಿದ್ದಾಗ ಜನ ಜಾಸ್ತಿ ತಿನ್ನುತ್ತಾರೆ ಎಂದು ಕಂಡಿತು. ಒಂದು ದೊಡ್ಡ ಕಾರಣ ಸರಳ. ಗುಂಪಿನಲ್ಲಿ ಊಟ ಹೆಚ್ಚು ಹೊತ್ತು ನಡೆಯುತ್ತದೆ. ತಟ್ಟೆ ಎದುರಿಗಿರುತ್ತದೆ, ಮಾತಿನ ಮಧ್ಯೆ ಕೈ ಹೋಗುತ್ತಲೇ ಇರುತ್ತದೆ.

ಹಾಗಾಗಿ ಹಂಚಿಕೊಳ್ಳುವ ಪಾತ್ರೆಗೆ ನೇರವಾಗಿ ಕೈ ಹಾಕಬೇಡಿ. ಬೇಕಾದದ್ದನ್ನೆಲ್ಲ ಒಮ್ಮೆ ನಿಮ್ಮ ತಟ್ಟೆಗೆ ಬಡಿಸಿಕೊಳ್ಳಿ. ಅರ್ಧ ತಟ್ಟೆ ತರಕಾರಿ ಅಥವಾ ಸುಟ್ಟದ್ದು, ಕಾಲು ಭಾಗ ಅನ್ನ ಅಥವಾ ಹಿಟ್ಟಿನದು, ಇನ್ನು ಕಾಲು ಭಾಗ ನಿಮಗೆ ನಿಜವಾಗಿ ಇಷ್ಟವಾದದ್ದು. ಆ ಇಷ್ಟದ ತಿನಿಸನ್ನು ಬಿಸಿಯಿರುವಾಗ, ಮೊದಲೇ ತಿನ್ನಿ. ಕೊನೆಗೆ ಎಂದು ಎತ್ತಿಟ್ಟರೆ ಹೊಟ್ಟೆ ತುಂಬಿದ ಮೇಲೆ ತಿನ್ನಬೇಕಾಗುತ್ತದೆ. ಒಂದೇ ರುಚಿಯ ತಿನಿಸು ತುತ್ತು ಹೋದಂತೆ ಕಡಿಮೆ ಖುಷಿ ಕೊಡುತ್ತದೆ, ಮೊದಲ ನಾಲ್ಕೈದು ತುತ್ತುಗಳಲ್ಲೇ ಆ ಖುಷಿಯ ದೊಡ್ಡ ಪಾಲಿರುತ್ತದೆ. ಮುಗಿದ ಮೇಲೆ ತಟ್ಟೆಯನ್ನು ಪಕ್ಕಕ್ಕೆ ಸರಿಸಿ, ಮಾತಾಡುತ್ತಾ ಕೂರಿ. ಹೊಸ ರುಚಿ ಬಂದರೆ ಹಸಿವಿಲ್ಲದಿದ್ದರೂ ಮತ್ತೆ ಆಸೆ ಹುಟ್ಟುತ್ತದೆ. ಸಿಹಿ ಬಂದಾಗ ಆಗುವುದು ಇದೇ. ಸಿಹಿ ಬೇಕೆಂದಿದ್ದರೆ ಒಂದನ್ನು ಇಬ್ಬರು ಹಂಚಿಕೊಳ್ಳಿ.

ಕುಡಿಯುವುದು?

ಚಿಕ್ಕ ಉತ್ತರ. 330 ಮಿಲಿ ಸಿಹಿ ಸೋಡಾದಲ್ಲಿ ಸುಮಾರು 35 ಗ್ರಾಂ ಸಕ್ಕರೆ, 140 ಕ್ಯಾಲೊರಿ. ಹೊಟ್ಟೆ ಮಾತ್ರ ತುಂಬುವುದಿಲ್ಲ. ಮದ್ಯಸಾರದಲ್ಲಿ ಒಂದು ಗ್ರಾಂಗೆ 7 ಕ್ಯಾಲೊರಿ, ಅದರ ಜೊತೆಗೆ ಕರಿದ ತಿನಿಸುಗಳ ಮೇಲಿನ ಹಿಡಿತವೂ ಸಡಿಲವಾಗುತ್ತದೆ. ಕುಡಿಯದವರು ಈ ಊಟಕ್ಕಾಗಿ ಶುರು ಮಾಡಬೇಕಿಲ್ಲ. ಕುಡಿಯುವವರು ಪ್ರತಿ ಲೋಟದ ನಡುವೆ ಒಂದು ಲೋಟ ನೀರು ಕುಡಿಯಲಿ.

ಗೆಳೆಯರು "ಏನೋ, ಡಯೆಟ್ಟಾ? ಒಂದು ತಿಂದರೆ ಏನಾಗಲ್ಲ ಕಣೋ" ಅನ್ನುತ್ತಾರೆ. ಏನು ಹೇಳಲಿ?

ಡಯೆಟ್ ಎಂಬ ಪದವನ್ನೇ ಎತ್ತಬೇಡಿ. ಎತ್ತಿದ ತಕ್ಷಣ ಇಡೀ ಮೇಜಿನ ಮಾತು ನಿಮ್ಮ ತಟ್ಟೆಯ ಮೇಲೆ ಬೀಳುತ್ತದೆ. ಒಬ್ಬರು ಸಲಹೆ ಕೊಡುತ್ತಾರೆ, ಇನ್ನೊಬ್ಬರು ತಮ್ಮ ತಟ್ಟೆ ನೋಡಿ ಮುಜುಗರ ಪಡುತ್ತಾರೆ.

"ಚೆನ್ನಾಗಿದೆ ಕಣೋ, ಆಗಲೇ ತಿಂದೆ, ಸಾಕು" ಅಂದರೆ ಮಾತು ಅಲ್ಲಿಗೆ ಮುಗಿಯುತ್ತದೆ. ಇಷ್ಟವಾಯಿತು ಎಂಬುದೂ ಇದೆ, ಬೇಡ ಎಂಬುದೂ ಇದೆ. ಮತ್ತೆ ಒತ್ತಾಯ ಮಾಡಿದರೆ "ಸ್ವಲ್ಪ ಹೊತ್ತು ಬಿಟ್ಟು ನೋಡ್ತೀನಿ" ಅನ್ನಿ, ಅವನ ಬಗ್ಗೆ ಏನಾದರೂ ಕೇಳಿ. ಹೆಚ್ಚಿನ ಗೆಳೆಯರು ಒತ್ತಾಯ ಮಾಡುವುದು ನೀವು ಗುಂಪಿನಿಂದ ದೂರ ಸರಿಯುತ್ತಿದ್ದೀರಾ ಎಂಬ ಅನುಮಾನಕ್ಕೆ. ನೀವು ಖುಷಿಯಾಗಿ ಕೂತು ತಿನ್ನುತ್ತಿದ್ದರೆ ಒತ್ತಾಯವೂ ಕಡಿಮೆಯಾಗುತ್ತದೆ.

ತುಂಬಾ ಹತ್ತಿರದ ಒಬ್ಬರಿಗೆ ಮಾತ್ರ ಮೊದಲೇ ಹೇಳಿಡಿ: "ನಾನು ಸ್ವಲ್ಪ ನೋಡಿಕೊಂಡು ತಿಂತಿದ್ದೀನಿ, ಎಲ್ಲರೆದುರು ಆ ಮಾತು ಬೇಡ." ಯಾರಾದರೂ ಶುರು ಮಾಡಿದರೆ ಅವರೇ ವಿಷಯ ಬದಲಿಸುತ್ತಾರೆ.

ಕೆಲಸ ಮುಗಿಸಿ ಮನೆಗೆ ಹೋಗುವಾಗ ದಾರಿಯಲ್ಲಿ ತಿಂಡಿ ಗಾಡಿ. ದಿನಾ ಆಸೆ ಆಗುತ್ತದೆ. ಇದಕ್ಕೇನು ಮಾಡಲಿ?

ಮೊದಲು ಅದು ಹಸಿವೋ, ದಾರಿಯೋ ಎಂದು ತಿಳಿಯಿರಿ. ಒಂದು ವಾರ ಆಸೆ ಆದಾಗಲೆಲ್ಲ ಮೂರು ವಿಷಯ ಬರೆಯಿರಿ. ಎಷ್ಟು ಗಂಟೆ, ಕೊನೆಯ ಊಟ ಆಗಿ ಎಷ್ಟು ಹೊತ್ತು, ಹಿಂದಿನ ರಾತ್ರಿ ಎಷ್ಟು ನಿದ್ದೆ.

ಊಟ ಆಗಿ ಐದು ಗಂಟೆ ಕಳೆದ ದಿನ ಮಾತ್ರ ಆಸೆ ಬರುತ್ತಿದ್ದರೆ ಅದು ಹಸಿವು. ಹೊರಡುವ ಮೊದಲು ಏನಾದರೂ ತಿಂದುಕೊಳ್ಳಿ, ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ. ನಿದ್ದೆಗೆಟ್ಟ ದಿನಗಳಲ್ಲಿ ಬರುತ್ತಿದ್ದರೆ ನಿದ್ದೆ ಕಡೆ ನೋಡಿ. ನಿದ್ದೆ ಕಡಿಮೆಯಾದಾಗ ಎಣ್ಣೆ, ಸಿಹಿ, ಉಪ್ಪಿನ ಸೆಳೆತ ಜೋರಾಗುತ್ತದೆ. ಹೊಟ್ಟೆ ತುಂಬಿದ್ದರೂ ಆ ತಿರುವಿನಲ್ಲಿ, ಆ ವಾಸನೆಗೆ ಮಾತ್ರ ಬರುತ್ತಿದ್ದರೆ ಅದು ರೂಢಿ. ಒಂದೆರಡು ವಾರ ಬೇರೆ ದಾರಿಯಲ್ಲಿ ಹೋಗಿ ನೋಡಿ. ಆಸೆ ಅಲೆಯ ಹಾಗೆ, ಏರಿ ತಾನಾಗಿ ಇಳಿಯುತ್ತದೆ. ಗಾಡಿ ದಾಟಿ ಹತ್ತಿಪ್ಪತ್ತು ನಿಮಿಷ ಕಳೆದರೆ ಅದರ ಜೋರು ಕಡಿಮೆ.

ಜೊತೆಗೆ ವಾರದಲ್ಲಿ ಒಂದು ದಿನ ಗೊತ್ತುಮಾಡಿ, ಆ ದಿನ ತಿನ್ನಿ. ಎಣ್ಣೆಯಲ್ಲಿ ಕರಿದ ಹಿಟ್ಟಿನ ತಿಂಡಿ 100 ಗ್ರಾಂನಲ್ಲಿ ಸಾಮಾನ್ಯವಾಗಿ 300ರಿಂದ 400 ಕ್ಯಾಲೊರಿ ಇರುತ್ತದೆ. ಅದನ್ನು ಸಂಜೆಯ ತಿಂಡಿಯ 200ರ ಜಾಗದಲ್ಲಿ ಇಡಿ, ಮಿಕ್ಕ 100–200ನ್ನು ರಾತ್ರಿಯ ಅನ್ನದಲ್ಲಿ ಅಥವಾ ಎಣ್ಣೆಯಲ್ಲಿ ಸರಿದೂಗಿಸಿ. ಊಟದ ತರಕಾರಿ ಮತ್ತು ಪ್ರೋಟೀನ್ ಮುಟ್ಟಬೇಡಿ. ಒಂದೇ ಪಾಲು ಕೊಳ್ಳಿ. ಅಲ್ಲೇ ನಿಂತು, ಫೋನ್ ಜೇಬಿನಲ್ಲಿಟ್ಟು, ರುಚಿ ನೋಡುತ್ತಾ ತಿನ್ನಿ. ಮನೆಗೆ ಕಟ್ಟಿಸಿಕೊಂಡರೆ ಎರಡು ಪಾಲು ಆಗುವುದು ಹೆಚ್ಚು. ಕಣ್ಣೆದುರೇ ಕರಿದು ಬಿಸಿ ಬಿಸಿ ಕೊಡುವುದನ್ನೇ ಆರಿಸಿ. ಕತ್ತರಿಸಿ ಹೊರಗೆ ತುಂಬಾ ಹೊತ್ತು ಇಟ್ಟದ್ದು ಬೇಡ.

ಕೆಲವರಿಗೆ ಪೂರ್ತಿ ಬಿಡುವುದೇ ಸುಲಭ. "ಒಂದು ತಿಂದರೆ ಮತ್ತೆ ನಾಲ್ಕು ದಿನ ಅದೇ ಧ್ಯಾನ" ಎನ್ನುವವರು ಇದ್ದಾರೆ. ನೀವು ಅಂಥವರಾದರೆ ಕೆಲವು ತಿಂಗಳು ಬಿಟ್ಟು ನೋಡುವುದರಲ್ಲಿ ತಪ್ಪಿಲ್ಲ.

ತಿಂದದ್ದನ್ನು ಮರುದಿನ ಓಡಿ ಕರಗಿಸಲಾ?

ಬೇಡ. 70 ಕಿಲೋ ತೂಕದವರು ಒಂದು ಗಂಟೆ ಚುರುಕಾಗಿ ನಡೆದರೆ ಕರಗುವುದು ಸುಮಾರು 250–300 ಕ್ಯಾಲೊರಿ. 800 ಕರಗಿಸಲು ಮೂರು ಗಂಟೆ ನಡೆಯಬೇಕು. ವ್ಯಾಯಾಮ ಶಿಕ್ಷೆಯಾದರೆ ಅದೂ ಬಿಟ್ಟುಹೋಗುತ್ತದೆ. ದಿನಾ ಮಾಡುವಷ್ಟು ಮಾಡಿ.

ವಾರಕ್ಕೆ ಎಷ್ಟು ಸಲ ಹೊರಗೆ ಉಣ್ಣಬಹುದು?

ಮೊದಲಿನ ಲೆಕ್ಕವನ್ನೇ ಮುಂದುವರಿಸಿ. ಯಾವ ತಯಾರಿಯೂ ಇಲ್ಲದೆ ಎರಡು ಸಲ ಹೋದರೆ 1600 ಹೋಗುತ್ತದೆ, ವಾರದ ಉಳಿತಾಯದಲ್ಲಿ ಅರ್ಧ ಉಳಿಯುತ್ತದೆ. ಮೂರು ಸಲ ಹೋದರೆ ಉಳಿಯುವುದು 750, ಸುಮಾರು 100 ಗ್ರಾಂ. ನಾಲ್ಕು ಸಲವಾದರೆ ಏನೂ ಉಳಿಯುವುದಿಲ್ಲ.

ನಿಮ್ಮ ಬದುಕಿನಲ್ಲಿ ವಾರಕ್ಕೆ ಮೂರು ಊಟ ಹೊರಗೇ ಆಗುತ್ತದೆ ಎಂದಾದರೆ ಎರಡು ದಾರಿ. ಅದರಲ್ಲಿ ಎರಡನ್ನು ಮಾಮೂಲಿ ಊಟದ ಹಾಗೆ ಉಣ್ಣಿ, ಒಂದನ್ನು ಮಾತ್ರ ಹಬ್ಬದ ಹಾಗೆ. ಇಲ್ಲವೇ ತೂಕ ನಿಧಾನವಾಗಿ ಇಳಿಯಲಿ ಎಂದು ಒಪ್ಪಿಕೊಳ್ಳಿ. ಎರಡೂ ಸರಿ. ಯಾವುದು ಎಂದು ನೀವೇ ಗೊತ್ತುಮಾಡಿಕೊಳ್ಳಬೇಕು, ಇಲ್ಲದಿದ್ದರೆ ತಿಂಗಳ ಕೊನೆಗೆ ಡಯೆಟ್ ಕೆಲಸ ಮಾಡುತ್ತಿಲ್ಲ ಎಂದು ಬೇಜಾರಾಗುತ್ತದೆ.

ಈ ಲೆಕ್ಕ ಯಾರಿಗೆ ಹೊಂದುವುದಿಲ್ಲ?

ಇನ್ಸುಲಿನ್ ತೆಗೆದುಕೊಳ್ಳುವವರು ಮತ್ತು ಸಕ್ಕರೆ ತುಂಬಾ ಇಳಿಸಬಲ್ಲ ಮಾತ್ರೆ ನುಂಗುವವರು ಊಟ ಹಿಂದೆ ಮುಂದೆ ಮಾಡುವ ಮೊದಲು ವೈದ್ಯರನ್ನು ಕೇಳಲೇಬೇಕು. ಮೂತ್ರಪಿಂಡ ಅಥವಾ ಹೃದಯದ ತೊಂದರೆಗೆ ಉಪ್ಪು ಮಿತಿಯಲ್ಲಿರಬೇಕಾದವರು ಕ್ಯಾಲೊರಿಗಿಂತ ಮೊದಲು ಉಪ್ಪು ನೋಡಬೇಕು. ಗರ್ಭಿಣಿಯರು, ಎದೆಹಾಲು ಕೊಡುವವರು, ಬೆಳೆಯುವ ಮಕ್ಕಳು ಈ ಲೆಕ್ಕಕ್ಕೆ ಬರುವುದಿಲ್ಲ.

ಇನ್ನೊಂದು ಮಾತು. ಕದ್ದು ತಿನ್ನುವುದು, ತಿಂದ ಮೇಲೆ ವಾಂತಿ ಮಾಡಿಕೊಳ್ಳುವುದು, ನಿಲ್ಲಿಸಲು ಆಗದೆ ಹೊಟ್ಟೆ ನೋಯುವ ತನಕ ತಿನ್ನುವುದು, ಇವು ವಾರಗಟ್ಟಲೆ ನಡೆಯುತ್ತಿದ್ದರೆ ಅಂಕಿಗಳನ್ನು ಬದಿಗಿಡಿ. ಅದು ಚಿಕಿತ್ಸೆ ಇರುವ ಕಾಯಿಲೆ. ವೈದ್ಯರ ಹತ್ತಿರ ಅಥವಾ ಮನೋವೈದ್ಯರ ಹತ್ತಿರ ಹೋಗಿ, ಅವರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿ.

ಆರು ತಿಂಗಳಿಂದ ಎಲ್ಲ ಊಟಕ್ಕೂ ಇಲ್ಲ ಅಂದೆ. ಈಗ ಯಾರೂ ಕರೆಯುವುದೇ ಇಲ್ಲ. ಏನು ಮಾಡಲಿ?

ಮೊದಲ ಹೆಜ್ಜೆ ನೀವೇ ಇಡಬೇಕು, ಗೆಳೆಯರಿಗೆ ನಿಮ್ಮ ಲೆಕ್ಕ ಗೊತ್ತಿಲ್ಲ. ನಿಮಗೆ ಇಷ್ಟವಿಲ್ಲ ಎಂದೇ ಅವರು ತಿಳಿದಿರುತ್ತಾರೆ. ದೊಡ್ಡ ಊಟದಿಂದ ಶುರು ಮಾಡಬೇಡಿ. ಒಬ್ಬರೋ ಇಬ್ಬರೋ ಸಾಕು. "ಬಹಳ ದಿನ ಆಯ್ತು ಸಿಕ್ಕಿ. ಭಾನುವಾರ ಸಂಜೆ ಒಂದು ವಾಕ್ ಹೋಗಿ ಆಮೇಲೆ ಏನಾದ್ರೂ ತಿನ್ನೋಣ್ವಾ?" ಎಂದು ಮೆಸೇಜ್ ಕಳಿಸಿ. ಸಮಯ ನೀವು ಹೇಳಿ, ಜಾಗ ಅವರು ಆರಿಸಲಿ. ಅಲ್ಲಿ ನಿಮ್ಮ ತಟ್ಟೆಗೆ ಬಡಿಸಿಕೊಳ್ಳುವುದು ಹೇಗೆಂದು ಈಗ ನಿಮಗೆ ಗೊತ್ತು. ಆ ಸಂಜೆ ಚೆನ್ನಾಗಿ ಕಳೆದರೆ ಹೊರಡುವ ಮೊದಲೇ ಮುಂದಿನ ದಿನ ಗೊತ್ತುಮಾಡಿ ಬನ್ನಿ. ಆ ವಾರದ ಲೆಕ್ಕದ ಪುಸ್ತಕದಲ್ಲಿ ಅದನ್ನು ಮೊದಲೇ ಬರೆದಿಡಿ.